ಬಿಜಿವಿ ಎಲ್ಲಿ ನಿಂತಿದೆ ಅಂತ ಎಚ್‌ಆರ್‌ಗೆ ಕೇಳೋದು ಹೇಗೆ?

ಆಫರ್ ಒಪ್ಪಿಕೊಂಡಾಯ್ತು, ಇರೋ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟಾಯ್ತು. ಆಮೇಲೆ ಶುರುವಾಗುತ್ತೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್, ಎಲ್ಲರ ಬಾಯಲ್ಲೂ ಬಿಜಿವಿ. ಅದು ಮುಗಿಯೋದೇ ಇಲ್ಲ. ಎಚ್‌ಆರ್‌ಗೆ ಕೇಳಿದರೆ ‘ಇನ್ ಪ್ರೋಗ್ರೆಸ್’ ಅನ್ನೋ ಒಂದೇ ಉತ್ತರ. ಈ ಸಂಚಿಕೆಯಲ್ಲಿ ನನಗೇ ಆದದ್ದನ್ನ ಹೇಳ್ತೀನಿ, ಯಾಕಂದ್ರೆ ಅದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ನನಗೆ ಗೊತ್ತಾಗಿದ್ದೇ ಹಾಗೆ.

ಮಾರ್ಚ್ 3ಕ್ಕೆ ಆಫರ್ ಒಪ್ಪಿಕೊಂಡೆ, ಮಾರನೇ ದಿನ ರಾಜೀನಾಮೆ ಕೊಟ್ಟೆ. ಎರಡು ತಿಂಗಳ ನೋಟಿಸ್. ಮೇ 2 ಕೊನೆಯ ದಿನ, ಮೇ 5ಕ್ಕೆ ಹೊಸ ಕಂಪನಿ ಸೇರಬೇಕು. ಮಾರ್ಚ್ 10ಕ್ಕೆ ಬಿಜಿವಿ ಲಿಂಕ್ ಬಂತು, ಅವತ್ತು ರಾತ್ರಿಯೇ ಎಲ್ಲಾ ದಾಖಲೆ ಹಾಕಿದೆ. ಏಪ್ರಿಲ್ 8ರವರೆಗೂ ಸುದ್ದಿಯಿಲ್ಲ. ಮೇಲ್ ಹಾಕಿದೆ: ‘ನನ್ನ ಬಿಜಿವಿ ಸ್ಟೇಟಸ್ ಏನು?’ ಉತ್ತರ, ‘ಇನ್ ಪ್ರೋಗ್ರೆಸ್’. ಒಂದು ವಾರ ಬಿಟ್ಟು ಇನ್ನೊಂದು ಮೇಲ್. ಅದೇ ಉತ್ತರ. ಆಫರ್ ಲೆಟರ್‌ನ ಕೊನೇ ಪುಟದಲ್ಲಿ ಒಂದು ಸಾಲಿತ್ತು, ವೆರಿಫಿಕೇಶನ್ ಸರಿಬಾರದಿದ್ದರೆ ಆಫರ್ ವಾಪಸ್ ಪಡೆಯಬಹುದು ಅಂತ. ಆ ಸಾಲು ನೆನಪಾಗಿ ರಾತ್ರಿ ನಿದ್ದೆ ಬರ್ತಿರಲಿಲ್ಲ. ಈ ಕಡೆ ಕೆಲಸ ಬಿಟ್ಟಾಗಿದೆ, ಆ ಕಡೆ ಸಿಗುತ್ತೋ ಇಲ್ವೋ!

ಇಲ್ಲಿ ಒಂದು ವಿಷಯ ತಿಳ್ಕೋಬೇಕು. ಈ ತಪಾಸಣೆಯನ್ನ ಸಾಮಾನ್ಯವಾಗಿ ಎಚ್‌ಆರ್‌ನವರೇ ಮಾಡೋದಿಲ್ಲ. ಅದಕ್ಕೆ ಬೇರೆ ಏಜೆನ್ಸಿ ಇರುತ್ತೆ. ಹಳೇ ಕಂಪನಿಗಳು, ವಿಶ್ವವಿದ್ಯಾಲಯ, ಮನೆ ವಿಳಾಸ, ಹೀಗೆ ಒಂದೊಂದನ್ನೂ ಒಂದೊಂದು ‘ಚೆಕ್’ ಅಂತ ಬೇರೆ ಬೇರೆಯಾಗಿ ನೋಡ್ತಾರೆ. ಯಾವುದಾದರೂ ಚೆಕ್‌ಗೆ ದಾಖಲೆ ಸಾಲದಿದ್ರೆ ಏಜೆನ್ಸಿಯವರು ಅದನ್ನ ‘ಇನ್‌ಸಫಿಶಿಯೆನ್ಸಿ’ ಅಂತ ಗುರುತು ಹಾಕಿ ಪಕ್ಕಕ್ಕಿಡ್ತಾರೆ. ಅಲ್ಲಿಂದಾಚೆ ಆ ಕೆಲಸ ಮುಂದೆ ಹೋಗೋದಿಲ್ಲ, ನಿಮ್ಮಿಂದ ಇನ್ನೇನೋ ಬರಬೇಕು ಅಂತ ಕಾಯುತ್ತಾ ಇರುತ್ತೆ. ಆದ್ರೆ ಎಚ್‌ಆರ್ ಪರದೆಯಲ್ಲಿ ಒಟ್ಟಾರೆ ಕೇಸ್ ಇನ್ನೂ ‘ಇನ್ ಪ್ರೋಗ್ರೆಸ್’ ಅಂತಲೇ ಇರಬಹುದು. ಅವರು ಸುಳ್ಳು ಹೇಳ್ತಿಲ್ಲ, ಕಂಡದ್ದನ್ನೇ ಹೇಳ್ತಿದ್ದಾರೆ.

ನನ್ನ ಮೇಲ್‌ಗಳಲ್ಲಿ ಇನ್ನೊಂದು ತಪ್ಪಿತ್ತು. ನಾನು ಬರೀತಾ ಇದ್ದದ್ದು ಇಂಟರ್‌ವ್ಯೂ ಮಾಡಿಸಿದ ರಿಕ್ರೂಟರ್‌ಗೆ. ಆಫರ್ ಒಪ್ಪಿಕೊಂಡ ದಿನವೇ ನನ್ನ ಫೈಲ್ ಆನ್‌ಬೋರ್ಡಿಂಗ್ ತಂಡಕ್ಕೆ ಹೋಗಿತ್ತು. ಏಜೆನ್ಸಿಯ ಮೇಲ್‌ಗಳು ಹೋಗ್ತಾ ಇದ್ದದ್ದೂ ಅವರಿಗೇ.

ಏಪ್ರಿಲ್ 21ಕ್ಕೆ ಆನ್‌ಬೋರ್ಡಿಂಗ್‌ನವರ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಈ ಸಲ ಸ್ಟೇಟಸ್ ಕೇಳಲಿಲ್ಲ. ‘ಮೇಡಂ, ಯಾವ ಚೆಕ್ ಬಾಕಿ ಇದೆ, ಅದು ಯಾರ ಹತ್ರ ನಿಂತಿದೆ, ಇನ್‌ಸಫಿಶಿಯೆನ್ಸಿ ಏನಾದ್ರೂ ಹಾಕಿದ್ದಾರಾ?’ ಅಂತ ಕೇಳಿದೆ. ಆಕೆ ಪೋರ್ಟಲ್ ತೆರೆದು ನೋಡಿ, ‘ಸರ್, ನಿಮ್ಮ ಎರಡನೇ ಕಂಪನಿದು ಮಾರ್ಚ್ 27ಕ್ಕೇ ಹಾಕಿದ್ದಾರಲ್ಲ’ ಅಂದ್ರು. ಇಪ್ಪತ್ತೈದು ದಿನ ಸುಮ್ಮನೆ ಕೂತಿತ್ತು!

ಆ ಎರಡನೇ ಕಂಪನಿ ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆ. ಅಲ್ಲಿ ಹದಿನಾಲ್ಕು ತಿಂಗಳು ಇದ್ದೆ, 2019ರ ಜೂನ್ 14ಕ್ಕೆ ಬಿಟ್ಟೆ. ಆಮೇಲೆ ಅದು ಮುಚ್ಚಿಹೋಯ್ತು. ಏಜೆನ್ಸಿಯವರು ಹಾಕಿದ ಮೇಲ್ ವಾಪಸ್ ಬಂದಿದೆ, ಫೋನ್ ಎತ್ತೋರಿಲ್ಲ. ಅದರ ಜೊತೆಗೆ ನನ್ನ ಪಿಎಫ್ ದಾಖಲೆಯಲ್ಲಿ ಆ ಕಂಪನಿ ಬಿಟ್ಟ ದಿನಾಂಕವೇ ಇಲ್ಲ. ನೋಡೋರಿಗೆ ನಾನು ಇನ್ನೂ ಅಲ್ಲೇ ಇದ್ದೀನಿ, ಒಟ್ಟೊಟ್ಟಿಗೆ ಎರಡು ಕಡೆ ಕೆಲಸ ಮಾಡ್ತಿದ್ದೀನಿ ಅನ್ನೋ ಹಾಗಿತ್ತು.

ಇದನ್ನ ನೀವೂ ನೋಡ್ಕೋಬಹುದು. ಇಪಿಎಫ್‌ಒ ಸದಸ್ಯರ ಪೋರ್ಟಲ್‌ಗೆ ಯುಎಎನ್ ಹಾಕಿ ಒಳಗೆ ಹೋಗಿ, View ಅಡಿಯಲ್ಲಿ Service History ತೆರೆಯಿರಿ. ಒಂದೊಂದು ಕಂಪನಿಗೂ ಸೇರಿದ ದಿನಾಂಕ, ಬಿಟ್ಟ ದಿನಾಂಕ ಇರುತ್ತೆ. ಕಂಪನಿಯವರು ಬಿಟ್ಟ ದಿನಾಂಕ ಹಾಕದೇ ಇದ್ರೆ ನೀವೇ ಹಾಕಬಹುದು: Manage ಅಡಿಯಲ್ಲಿ Mark Exit. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತೆ. ಕೊನೆಯ ಪಿಎಫ್ ಕಂತು ಬಂದು ಎರಡು ತಿಂಗಳಾಗಿರಬೇಕು. ಇನ್ನೊಂದು ಷರತ್ತಿದೆ, ಅದೇ ನನಗೆ ತಲೆನೋವಾಗಿದ್ದು: ಕೊನೆಯ ಕಂತು ಯಾವ ತಿಂಗಳಿನದೋ ಅದೇ ತಿಂಗಳಿನ ದಿನಾಂಕವನ್ನ ಮಾತ್ರ ಹಾಕಬಹುದು. ಹಾಗಾಗಿ ದಿನಾಂಕ ಹಾಕೋ ಮೊದಲು ಪಾಸ್‌ಬುಕ್ ನೋಡಿಕೊಳ್ಳಿ.

ಕಂಪನಿ ಕಷ್ಟದಲ್ಲಿದ್ದಾಗ ಜೂನ್ ತಿಂಗಳ ಪಿಎಫ್ ಕಟ್ಟಿರಲೇ ಇಲ್ಲ. ನನ್ನ ಕೊನೆಯ ಕಂತು ಮೇ ತಿಂಗಳದ್ದು. ಅಂದ್ರೆ ನಾನು ಹಾಕಬಹುದಾದ ಕೊನೆಯ ದಿನಾಂಕ ಮೇ 31. ರಿಲೀವಿಂಗ್ ಲೆಟರ್ ಹೇಳೋದು ಜೂನ್ 14. ಹದಿನಾಲ್ಕು ದಿನದ ವ್ಯತ್ಯಾಸ.

ಒಬ್ಬ ಗೆಳೆಯ ಹೇಳಿದ, ‘ಮಗಾ, ಯಾಕ್ ತಲೆ ಕೆಡಿಸ್ಕೊಳ್ತೀಯ? ಮೇ 31ಕ್ಕೇ ಒಂದು ಲೆಟರ್ ಟೈಪ್ ಮಾಡ್ಸು. ಮುಚ್ಚಿರೋ ಕಂಪನಿ ತಾನೇ, ಯಾರು ಕೇಳ್ತಾರೆ?’ ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ‘ಅನೇಬಲ್ ಟು ವೆರಿಫೈ’ ಅಂತ ವರದಿ ಬಂದ್ರೆ ಎಚ್‌ಆರ್ ಜೊತೆ ಕೂತು ವಿವರಿಸೋಕೆ ದಾರಿಯಿದೆ. ನಕಲಿ ದಾಖಲೆ ಅಂತ ಬಂದ್ರೆ, ಸೇರಿ ವರ್ಷವಾಗಿದ್ದರೂ ಮನೆಗೆ ಕಳಿಸ್ತಾರೆ.

ನಾನು ಮೇ 31 ಅಂತಲೇ ಗುರುತು ಮಾಡಿ, ವ್ಯತ್ಯಾಸ ಯಾಕೆ ಅಂತ ನಾಲ್ಕು ಸಾಲು ಬರೆದೆ. ಜೊತೆಗೆ ಕೊಟ್ಟಿದ್ದು ಇಷ್ಟು: ರಿಲೀವಿಂಗ್ ಲೆಟರ್, ಜೂನ್‌ನ ಅರ್ಧ ತಿಂಗಳ ಸಂಬಳ ಬಂದದ್ದು ಕಾಣೋ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್. ಕಂಪನಿ ಮುಚ್ಚಿದ್ದಕ್ಕೂ ಪುರಾವೆ ಸಿಗುತ್ತೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರು ಹುಡುಕಿದ್ರೆ ಅದರ ಸ್ಥಿತಿ ತೋರಿಸುತ್ತೆ. ನನ್ನದು Strike Off ಅಂತಿತ್ತು, ಅದರ ಸ್ಕ್ರೀನ್‌ಶಾಟನ್ನೂ ಸೇರಿಸಿದೆ. ಸಂಬಳದಲ್ಲಿ ತೆರಿಗೆ ಕಡಿತ ಆಗಿದ್ದವರಿಗೆ ಫಾರ್ಮ್ 26ಎಎಸ್ ಕೂಡ ಒಳ್ಳೆ ಸಾಕ್ಷಿ, ಅದರಲ್ಲಿ ಕಂಪನಿ ಹೆಸರು, ಸಂಬಳ ಪಾವತಿಯ ದಿನಾಂಕ ಎರಡೂ ಇರುತ್ತೆ. ನನಗೆ ಆಗ ಅಷ್ಟು ಸಂಬಳ ಇರಲಿಲ್ಲ ಬಿಡಿ.

ಎಲ್ಲವನ್ನೂ ಪೋರ್ಟಲ್‌ಗೆ ಹಾಕಿ, ಆನ್‌ಬೋರ್ಡಿಂಗ್‌ನವರಿಗೆ ಒಂದೇ ಮೇಲ್ ಬರೆದೆ. ಸಬ್ಜೆಕ್ಟ್‌ನಲ್ಲೇ ಕ್ಯಾಂಡಿಡೇಟ್ ಐಡಿ, ಸೇರೋ ದಿನಾಂಕ, ಯಾವ ಚೆಕ್ ಅನ್ನೋದು. ಒಳಗೆ ಏನು ಕೊಟ್ಟಿದ್ದೀನಿ ಅಂತ ಎರಡು ಸಾಲು, ಕೊನೆಗೆ ಎರಡು ಪ್ರಶ್ನೆ: ಏಜೆನ್ಸಿ ಇದನ್ನ ಮತ್ತೆ ತೆರೆದಿದೆಯಾ? ಅಂತಿಮ ವರದಿ ಬರದೇ ಇದ್ರೆ ಇಂಟರಿಮ್ ರಿಪೋರ್ಟ್ ಮೇಲೆ ಸೇರಿಸಿಕೊಳ್ತೀರಾ? ಈ ಎರಡನೇ ಪ್ರಶ್ನೆಯನ್ನ ನಾನು ರಾಜೀನಾಮೆ ಕೊಡೋ ಮೊದಲೇ ಕೇಳಬೇಕಿತ್ತು. ಸೇರಿಸಿಕೊಳ್ಳೋ ಕಂಪನಿಗಳಿವೆ, ಒಪ್ಪದೇ ದಿನಾಂಕ ಮುಂದೂಡೋ ಕಂಪನಿಗಳೂ ಇವೆ.

ಏಪ್ರಿಲ್ 30ಕ್ಕೆ ಇಂಟರಿಮ್ ರಿಪೋರ್ಟ್ ಬಂತು. ಹುಬ್ಬಳ್ಳಿ ಕಂಪನಿಯ ಎದುರು ಹಳದಿ ಬಣ್ಣ, ಪಕ್ಕದಲ್ಲಿ ‘ಸಂಸ್ಥೆ ಮುಚ್ಚಿದೆ, ಪರ್ಯಾಯ ದಾಖಲೆ ಪರಿಶೀಲಿಸಲಾಗಿದೆ’ ಅನ್ನೋ ಅರ್ಥದ ಒಂದು ಟಿಪ್ಪಣಿ. ಎಚ್‌ಆರ್ ಮ್ಯಾನೇಜರ್ ಹತ್ತು ನಿಮಿಷ ಮಾತಾಡಿ ಒಪ್ಪಿದರು. ಮೇ 5ಕ್ಕೇ ಸೇರಿದೆ.

ಬಾಕಿ ಉಳಿದಿದ್ದು ಮನೆ ವಿಳಾಸದ ಚೆಕ್ ಒಂದೇ. ಮೂರನೇ ವಾರದಲ್ಲಿ ಒಬ್ಬ ಹುಡುಗ ಬಂದು ಬಾಗಿಲ ಫೋಟೊ ತೆಗೆದುಕೊಂಡು ಹೋದನಂತೆ. ನಾನು ಆಫೀಸಿನಲ್ಲಿದ್ದೆ. ಅಮ್ಮ ಅವನಿಗೆ ಕಾಫಿ ಕೊಟ್ಟು, ‘ಈಗ ಬಂದ್ಯೇನಪ್ಪಾ, ಇವನು ಆಗ್ಲೇ ಕೆಲಸಕ್ಕೆ ಹೋಗ್ತಿದ್ದಾನಲ್ಲ’ ಅಂದ್ರಂತೆ.