ಲಿಫ್ಟ್ ಬಾಗಿಲಿಗೆ ಅಡ್ಡ ಬರುವ ಗಾಳಿ

ಶಿಕಾಗೊ, ಟೊರಾಂಟೊದಂಥ ಚಳಿ ಊರುಗಳ ಎತ್ತರದ ಕಟ್ಟಡಗಳಲ್ಲಿ ಒಂದು ದೂರು ಪ್ರತಿ ಚಳಿಗಾಲಕ್ಕೂ ತಪ್ಪದೆ ಬರುತ್ತದೆ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚುತ್ತಾ ಬರುತ್ತದೆ, ಇನ್ನೇನು ನಾಲ್ಕು ಬೆರಳು ಉಳಿದಿದೆ ಎನ್ನುವಾಗ ತಡವರಿಸಿ ಮತ್ತೆ ತೆರೆದುಕೊಳ್ಳುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಬಜರ್ ಕೂಗುತ್ತದೆ. ಒಳಗಿದ್ದವರಲ್ಲಿ ಯಾರೋ ಒಬ್ಬರು ಕೈಯಿಂದ ತಳ್ಳಿ ಮುಚ್ಚಿಸುತ್ತಾರೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ಮೆಕ್ಯಾನಿಕ್ ಬಂದು ನೋಡಿದರೆ ಬಾಗಿಲು ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ. ಈ ಬಾಗಿಲಿನ ಸುತ್ತ ಬೆಳೆದ ನಂಬಿಕೆಗಳಲ್ಲಿ ಕೆಲವು ಬರಿಯ ತಪ್ಪು. ಇನ್ನು ಕೆಲವನ್ನು ನಂಬಿ ರಿಪೇರಿ ಮಾಡಿದರೆ ತೊಂದರೆ ಇಮ್ಮಡಿಯಾಗುತ್ತದೆ.

ನಂಬಿಕೆ: ಬಾಗಿಲಿನ ಮೋಟಾರೋ ಸೆನ್ಸರೋ ಕೆಟ್ಟಿದೆ

ಕೆಟ್ಟಿರಲೂಬಹುದು. ಆದರೆ ಕೆಟ್ಟ ಮೋಟಾರಿಗೆ ಹೊತ್ತುಗೊತ್ತಿಲ್ಲ, ಮಹಡಿಯ ಭೇದವೂ ಇಲ್ಲ. ಲಿಫ್ಟಿನ ಕಾರಿನ ಬಾಗಿಲಿಗೆ ಇರುವುದು ಒಂದೇ ಮೋಟಾರು. ಪ್ರತಿ ಮಹಡಿಯ ಹೊರಬಾಗಿಲನ್ನೂ ಅದೇ ಕೊಂಡಿ ಹಾಕಿ ಎಳೆದುಕೊಂಡು ಹೋಗುತ್ತದೆ. ದೋಷ ಅದರಲ್ಲೇ ಇದ್ದರೆ ಎಲ್ಲ ಮಹಡಿಗಳಲ್ಲೂ ಕಾಣಬೇಕು. ಕಾಟ ನೆಲಮಹಡಿಯಲ್ಲೂ ತುದಿಯ ಕೆಲವು ಮಹಡಿಗಳಲ್ಲೂ ಮಾತ್ರ ಇದ್ದು, ನಡುವಿನ ಮಹಡಿಗಳಲ್ಲಿ ಬಾಗಿಲು ಸರಾಗವಾಗಿ ಮುಚ್ಚುತ್ತಿದ್ದರೆ, ಅದೂ ಚಳಿ ಹೆಚ್ಚಿದ ದಿನವೇ ಕಾಟವೂ ಹೆಚ್ಚುತ್ತಿದ್ದರೆ, ಯಂತ್ರವನ್ನು ಬಿಚ್ಚುವ ಮೊದಲು ಗಾಳಿಯ ಲೆಕ್ಕ ಹಾಕುವುದು ಮೇಲು.

ಲೆಕ್ಕ ಕಷ್ಟದ್ದಲ್ಲ. ಸುಮಾರು ಅರವತ್ತು ಮಹಡಿಯ, 200 ಮೀಟರ್ ಎತ್ತರದ ವಸತಿ ಕಟ್ಟಡ ಎಂದಿಟ್ಟುಕೊಳ್ಳೋಣ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಒಳಗೆ ಹೀಟರಿನಿಂದ 22 ಡಿಗ್ರಿ. ತಣ್ಣನೆಯ ಗಾಳಿ ಒತ್ತಾಗಿರುವುದರಿಂದ ಭಾರ. ಒಂದು ಚದರ ಮೀಟರ್ ತಳದ ಮೇಲೆ 200 ಮೀಟರ್ ಎತ್ತರಕ್ಕೆ ನಿಂತ ಹೊರಗಿನ ಗಾಳಿಯ ಕಂಬ ಸುಮಾರು 268 ಕಿಲೋ ತೂಗುತ್ತದೆ, ಲಿಫ್ಟ್ ಶಾಫ್ಟಿನ ಒಳಗಿನ ಅಷ್ಟೇ ಕಂಬ 239 ಕಿಲೋ. ಈ 29 ಕಿಲೋ ವ್ಯತ್ಯಾಸವೇ ಇಡೀ ಕಟ್ಟಡವನ್ನು ಹೊಗೆಗೂಡಿನಂತೆ ಮಾಡುವುದು. ಕೆಳಗಿನ ಸಂದುಗೊಂದುಗಳಿಂದ ಗಾಳಿ ಒಳನುಗ್ಗುತ್ತದೆ, ಶಾಫ್ಟಿನಲ್ಲಿ ಮೇಲೇರುತ್ತದೆ, ತುದಿಯ ಮಹಡಿಗಳಿಂದ ಹೊರಬೀಳುತ್ತದೆ. ಎಂಜಿನಿಯರುಗಳು ಇದನ್ನು ಸ್ಟ್ಯಾಕ್ ಎಫೆಕ್ಟ್ ಎನ್ನುತ್ತಾರೆ.

ಒತ್ತಡದ ಮಾನದಲ್ಲಿ ಆ 29 ಕಿಲೋ ಅಂದರೆ ಸುಮಾರು 285 ಪ್ಯಾಸ್ಕಲ್. ಸಂದುಗಳು ಕೆಳಗೂ ಮೇಲೂ ಸಮನಾಗಿದ್ದರೆ ಇದು ಎರಡು ಪಾಲಾಗುತ್ತದೆ: ಬುಡದಲ್ಲಿ 143 ಪ್ಯಾಸ್ಕಲ್ ಒಳಮುಖವಾಗಿ, ತುದಿಯಲ್ಲಿ ಅಷ್ಟೇ ಹೊರಮುಖವಾಗಿ. ನಡುವೆ ಎಲ್ಲೋ ಒಂದು ಎತ್ತರದಲ್ಲಿ ಒಳಗೂ ಹೊರಗೂ ಒತ್ತಡ ಒಂದೇ. ಅದೇ ಸಮತೋಲನದ ಮಟ್ಟ. ನಡುಮಹಡಿಯ ಬಾಗಿಲುಗಳಿಗೆ ಏನೂ ಆಗದಿರುವುದು ಅದಕ್ಕೇ.

ಇನ್ನು ಬಾಗಿಲಿಗೆ ಬರೋಣ. 1.1 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲಿನ ಮೇಲೆ 143 ಪ್ಯಾಸ್ಕಲ್ ಪೂರ್ತಿ ಬಿದ್ದರೆ ಸುಮಾರು 34 ಕಿಲೋ ತೂಕದ ಒತ್ತು. ಗಾಳಿ ಬಾಗಿಲನ್ನು ಮುಚ್ಚುವ ದಿಕ್ಕಿಗೆ ಎದುರಾಗಿ ತಳ್ಳುವುದಿಲ್ಲ, ಅಡ್ಡವಾಗಿ, ಶಾಫ್ಟಿನ ಕಡೆಗೆ ಒತ್ತುತ್ತದೆ. ಆದರೂ ಬಾಗಿಲು ನಿಲ್ಲುವುದು ಏಕೆ ಎಂದರೆ, ಬಾಗಿಲಿನ ಹಲಗೆ ಮೇಲೆ ರೋಲರುಗಳಿಂದ ಹಳಿಗೆ ನೇತುಬಿದ್ದಿದೆ, ಕೆಳಗೆ ಎರಡು ಸಣ್ಣ ಶೂಗಳು ಸಿಲ್ಲಿನ ತೋಡಿನಲ್ಲಿ ಜಾರುತ್ತವೆ. ಅಡ್ಡ ಒತ್ತು ಆ ಶೂಗಳನ್ನು ತೋಡಿನ ಗೋಡೆಗೆ ಅದುಮುತ್ತದೆ. ಮೇಲ್ಭಾಗ ಮೋಟಾರಿನ ಎಳೆತಕ್ಕೆ ಮುಂದೆ ಹೋಗುತ್ತದೆ, ಕೆಳಭಾಗ ಘರ್ಷಣೆಗೆ ಸಿಕ್ಕಿ ಹಿಂದುಳಿಯುತ್ತದೆ. ಹಲಗೆ ಕೊಂಚ ವಾರೆಯಾಗಿ ಕಚ್ಚಿಕೊಳ್ಳುತ್ತದೆ. ಸಿಲ್ಲಿನಲ್ಲಿ ಮರಳು, ಉಪ್ಪು, ಕರಗಿದ ಹಿಮದ ಕೆಸರು ಕೂತಿದ್ದರೆ ಮುಗಿಯಿತು.

ಕೊನೆಯ ನಾಲ್ಕು ಬೆರಳಿನಲ್ಲೇ ನಿಲ್ಲುವುದಕ್ಕೂ ಕಾರಣವಿದೆ. ಬಾಗಿಲು ಅಗಲವಾಗಿ ತೆರೆದಿರುವಾಗ ಗಾಳಿ ಕಾರಿನ ಸುತ್ತಲಿನ ಸಂದಿನಿಂದ ಹರಿದುಹೋಗುತ್ತದೆ, ಹಲಗೆಯ ಎರಡು ಮಗ್ಗುಲಿನ ಒತ್ತಡದಲ್ಲಿ ದೊಡ್ಡ ಅಂತರ ಇರುವುದಿಲ್ಲ. ಸಂದು ಕಿರಿದಾದಂತೆ ಅಂತರ ಬೆಳೆಯುತ್ತದೆ. 143 ಪ್ಯಾಸ್ಕಲ್ ಸಣ್ಣ ಸಂದಿನಲ್ಲಿ ಗಾಳಿಯನ್ನು ಸೆಕೆಂಡಿಗೆ 15 ಮೀಟರ್ ವೇಗಕ್ಕೆ, ಅಂದರೆ ಗಂಟೆಗೆ 54 ಕಿಲೋಮೀಟರಿಗೆ ಏರಿಸಬಲ್ಲದು. ಲಾಬಿಯಲ್ಲಿ ನಿಂತವರಿಗೆ ಕೇಳುವ ಸಿಳ್ಳೆ ಅದೇ. ಬಾಗಿಲು ಪೂರ್ತಿ ಕೂಡದೆ ಬೀಗದ ಸಂಪರ್ಕ ಸೇರುವುದಿಲ್ಲ, ಸಂಪರ್ಕ ಸೇರದೆ ಲಿಫ್ಟ್ ಹೊರಡುವುದಿಲ್ಲ. ಸುರಕ್ಷತೆಯ ಏರ್ಪಾಟು ಇಲ್ಲಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

ನಂಬಿಕೆ: ಮೋಟಾರಿನ ಬಲ ಏರಿಸಿದರೆ ಸರಿಹೋಗುತ್ತದೆ

ಏರಿಸಲು ಮಿತಿಯಿದೆ. ಮುಚ್ಚುವ ಬಾಗಿಲಿಗೆ ಮಗುವಿನ ಕೈಯೋ ಅಜ್ಜಿಯ ಭುಜವೋ ಸಿಕ್ಕಿದರೆ ಅದು ಬಿಟ್ಟುಕೊಡಬೇಕು. ಅದಕ್ಕಾಗಿ ಯುರೋಪಿನ ಇಎನ್ 81-20 ಮಾನದಂಡ ಮುಚ್ಚುವ ಬಲವನ್ನು 150 ನ್ಯೂಟನ್‌ಗೆ ಕಟ್ಟಿಹಾಕಿದೆ, ಅಮೆರಿಕದ್ದು ಸುಮಾರು 135ಕ್ಕೆ. ಅಂದರೆ ಹದಿನಾಲ್ಕು ಹದಿನೈದು ಕಿಲೋ ತೂಕದಷ್ಟು ಬಲ. ಗಾಳಿಯ ಒತ್ತಿನಿಂದ ಹುಟ್ಟುವ ಘರ್ಷಣೆಯೇ ಅದರಲ್ಲಿ ಐವತ್ತು ಎಂಬತ್ತು ನ್ಯೂಟನ್ ತಿಂದುಹಾಕಿದರೆ ಬಾಗಿಲಿಗೆ ಉಳಿಯುವುದು ಅಲ್ಪ. ಬಾಗಿಲು ತಯಾರಕರೂ ಸಲಹೆಗಾರರೂ ಸುಮಾರು 25 ಪ್ಯಾಸ್ಕಲ್ ಅನ್ನು ಎಚ್ಚರಿಕೆಯ ಗೆರೆಯೆಂದು ಹಿಡಿಯುವುದು ಇದಕ್ಕೇ. ಚಳಿಗಾಲದ ಮಟ್ಟಿಗೆ ಎಂದು ಬಲ ಏರಿಸಿ, ಬೇಸಿಗೆಯಲ್ಲಿ ಇಳಿಸಲು ಮರೆತ ಬಾಗಿಲಿನ ಮುಂದೆ ನಿಲ್ಲಲು ನನಗಂತೂ ಮನಸ್ಸಿಲ್ಲ. ವೇಗ ತಗ್ಗಿಸುವುದು, ಹೊರಬಾಗಿಲನ್ನು ಎಳೆಯುವ ಭಾರದ ಕಲ್ಲನ್ನು ಕೊಂಚ ಹೆಚ್ಚಿಸುವುದು, ಶೂ ಬದಲಿಸಿ ಸಿಲ್ ಗುಡಿಸುವುದು, ಇಷ್ಟು ಮೆಕ್ಯಾನಿಕ್ ಮಾಡಬಹುದು. ಇದು ಗೆರೆಯ ಆಸುಪಾಸಿನ ಬಾಗಿಲನ್ನು ಈಚೆ ತರುತ್ತದೆ, ನೂರು ಪ್ಯಾಸ್ಕಲ್ ಹೊತ್ತ ಬಾಗಿಲನ್ನಲ್ಲ.

ನಂಬಿಕೆ: ಲಿಫ್ಟ್ ಓಡುವಾಗ ಎಬ್ಬಿಸುವ ಗಾಳಿಯೇ ಇದು

ವೇಗದ ಕಾರು ಶಾಫ್ಟಿನಲ್ಲಿ ಗಾಳಿಯನ್ನು ಮುಂದೆ ನೂಕುತ್ತದೆ, ಬಾಗಿಲು ಗಡಗಡ ಅನ್ನುತ್ತದೆ, ನಿಜ. ಆದರೆ ಬಾಗಿಲು ಮುಚ್ಚುವುದು ಕಾರು ನಿಂತಾಗ. ನಿಂತು ಕೆಲವು ಸೆಕೆಂಡಾದರೂ ಸಿಳ್ಳೆ ಒಂದೇ ಸಮನೆ ಕೇಳುತ್ತಿದ್ದರೆ ಅದು ಕಾರಿನ ಗಾಳಿಯಲ್ಲ.

ನಂಬಿಕೆ: ಶಾಫ್ಟಿನ ತಲೆಯಲ್ಲಿ ಕಿಂಡಿ ಬಿಟ್ಟರೆ ಒತ್ತಡ ಹೊರಟುಹೋಗುತ್ತದೆ

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು, ಕೇಳಲು ಎಲ್ಲಕ್ಕಿಂತ ಸರಿಯೆನಿಸುವುದೂ ಇದೇ. ಕುಕ್ಕರಿನ ಹಬೆಯಂತೆ ಶಾಫ್ಟಿನಲ್ಲಿ ಒತ್ತಡ ತುಂಬಿದೆ ಎಂದು ಜನ ಭಾವಿಸುತ್ತಾರೆ. ತುಂಬಿರುವುದೇನೂ ಇಲ್ಲ. ಇರುವುದು ಎರಡು ಕಂಬಗಳ ತೂಕದ ಅಂತರ, ಅದನ್ನು ಯಾವ ಕಿಂಡಿಯೂ ಹೊರಬಿಡಲಾರದು. ಕಿಂಡಿ ಮಾಡಬಲ್ಲದ್ದು ಆ 285 ಪ್ಯಾಸ್ಕಲ್ ಎಲ್ಲಿ ಬೀಳಬೇಕು ಎಂಬುದನ್ನು ಬದಲಿಸುವುದು ಮಾತ್ರ. ತಲೆಯಲ್ಲಿ ದೊಡ್ಡ ಕಿಂಡಿ ತೆರೆದರೆ ಅಲ್ಲಿ ಒಳಗೂ ಹೊರಗೂ ಒತ್ತಡ ಒಂದಾಗುತ್ತದೆ, ಸಮತೋಲನದ ಮಟ್ಟ ನಡುವಿನಿಂದ ತುದಿಗೆ ಏರುತ್ತದೆ. ತುದಿಯ ಮಹಡಿಗಳ ಬಾಗಿಲಿಗೆ ಬಿಡುಗಡೆ. ಬುಡದಲ್ಲಿ 143 ಇದ್ದದ್ದು 285ರ ಹತ್ತಿರ ಹೋಗುತ್ತದೆ.

ಬೆಂಕಿಯ ಹೊಗೆ ಹೋಗಲೆಂದು ಅಮೆರಿಕದ ಹಳೆಯ ಕಟ್ಟಡ ನಿಯಮಗಳು ಶಾಫ್ಟಿನ ತಲೆಯಲ್ಲಿ ಅದರ ವಿಸ್ತೀರ್ಣದ ಶೇಕಡಾ 3.5ರಷ್ಟು ಕಿಂಡಿ ಕೇಳುತ್ತಿದ್ದವು. ಹಗಲೂ ರಾತ್ರಿಯೂ ತೆರೆದಿದ್ದ ಆ ಕಿಂಡಿ ಬೆಚ್ಚನೆಯ ಗಾಳಿಯನ್ನು ಚಳಿಗಾಲ ಪೂರ್ತಿ ಆಕಾಶಕ್ಕೆ ಚೆಲ್ಲುತ್ತಿತ್ತು, ಜೊತೆಗೆ ನೆಲಮಹಡಿಯ ಬಾಗಿಲನ್ನೂ ಕಾಡುತ್ತಿತ್ತು. ಮುಂದೆ ಆ ನಿಯಮವನ್ನೇ ಕೈಬಿಟ್ಟರು.

ಹಾಗಾದರೆ ಮಾಡಬೇಕಾದ್ದೇನು? ಅಂತರವನ್ನು ಅಳಿಸಲಾಗದು, ಹಂಚಬಹುದು. ಹೊರಗಿನಿಂದ ಶಾಫ್ಟಿನವರೆಗಿನ ದಾರಿಯಲ್ಲಿ ಗಾಳಿಗೆ ಎಷ್ಟು ಅಡ್ಡಿಗಳಿವೆಯೋ ಅಷ್ಟು ಪಾಲು. ಕಟ್ಟಡದ ಮುಖ್ಯ ಬಾಗಿಲಿನ ಒಟ್ಟು ಸಂದು ಲಿಫ್ಟ್ ಬಾಗಿಲುಗಳ ಒಟ್ಟು ಸಂದಿನ ಅರ್ಧದಷ್ಟಿದ್ದರೆ ಒತ್ತಡ ನಾಲ್ಕಕ್ಕೆ ಒಂದರಂತೆ ಹಂಚಿಹೋಗುತ್ತದೆ: 143ರಲ್ಲಿ 114 ಮುಖ್ಯ ಬಾಗಿಲಿಗೆ, 29 ಲಿಫ್ಟಿಗೆ. ಲಾಬಿಗೂ ಲಿಫ್ಟುಗಳಿಗೂ ನಡುವೆ ಇನ್ನೊಂದು ಬಾಗಿಲು ಸೇರಿಸಿದರೆ 25ರ ಒಳಗೆ ಬರುತ್ತದೆ. ಆದರೆ 114 ಪ್ಯಾಸ್ಕಲ್ ಹೊತ್ತ ಮಾಮೂಲಿ ಬಾಗಿಲನ್ನು ವಯಸ್ಸಾದವರು ಎಳೆದು ತೆರೆಯಲಾರರು. ಉತ್ತರದ ಊರುಗಳ ಗಗನಚುಂಬಿಗಳ ಬುಡದಲ್ಲಿ ಸುತ್ತುಬಾಗಿಲು ಇರುವುದು ಡೌಲಿಗಲ್ಲ. ಅದರಲ್ಲಿ ಅಚ್ಚಿನ ಎಡಕ್ಕೂ ಬಲಕ್ಕೂ ಒತ್ತಡ ಸಮನಾಗಿ ಬೀಳುವುದರಿಂದ ತಳ್ಳಲು ಹಗುರ, ಮತ್ತು ಯಾವ ಗಳಿಗೆಯಲ್ಲೂ ನೇರ ದಾರಿ ತೆರೆದಿರುವುದಿಲ್ಲ. ಫಿಲಡೆಲ್ಫಿಯಾದ ಥಿಯೊಫಿಲಸ್ ವಾನ್ ಕ್ಯಾನೆಲ್ 1888ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಬಿರುಗಾಳಿ ತಡೆಯುವ ಬಾಗಿಲು ಎಂದೇ.

ಈ ಹಂಚಿಕೆಯನ್ನು ಹಾಳುಮಾಡಲು ಸಾಮಾನು ಸಾಗಿಸುವವರೊಬ್ಬರು ಸಾಕು. ಪಕ್ಕದ ಬಾಗಿಲಿಗೆ ರಟ್ಟಿನ ಪೆಟ್ಟಿಗೆ ಒತ್ತುಕೊಟ್ಟು ತೆರೆದಿಟ್ಟರೆ ಲಾಬಿ ಬೀದಿಯೇ ಆಗುತ್ತದೆ, ಪಾಲುದಾರನಿಲ್ಲದೆ ಹೊರೆಯೆಲ್ಲ ಲಿಫ್ಟ್ ಬಾಗಿಲಿನ ಮೇಲೆ. ಪರೀಕ್ಷೆಯೂ ಇದರಲ್ಲೇ ಇದೆ. ಲಿಫ್ಟಿನ ಬಾಗಿಲು ಮುಚ್ಚದೆ ಹಟ ಮಾಡುತ್ತಿರುವಾಗ ಕಟ್ಟಡದ ಹೊರಬಾಗಿಲುಗಳನ್ನೆಲ್ಲ ಮುಚ್ಚಿಸಿ ನೋಡಿ, ಲಿಫ್ಟ್ ಮುಚ್ಚಿಕೊಂಡರೆ ರೋಗ ಗೊತ್ತಾಯಿತು. ಸಂದಿನ ಮುಂದೆ ಟಿಶ್ಯೂ ಹಿಡಿದರೆ ದಿಕ್ಕು ಸಿಗುತ್ತದೆ. ಅಂಕಿ ಬೇಕಿದ್ದರೆ ಮ್ಯಾನೋಮೀಟರಿನ ಸಣ್ಣ ಕೊಳವೆಯನ್ನು ಅದೇ ಸಂದಿನಿಂದ ಒಳತೂರಿಸಿ ಮುಂಜಾನೆ, ಮಧ್ಯಾಹ್ನ, ರಾತ್ರಿ ಅಳೆದು, ಪಕ್ಕದಲ್ಲಿ ಹೊರಗಿನ ಉಷ್ಣಾಂಶ ಬರೆದಿಡಬೇಕು.

ನಂಬಿಕೆ: ಸೆಕೆಯ ದೇಶಗಳಿಗೆ ಇದು ಸಂಬಂಧವಿಲ್ಲ

ದುಬೈಯಲ್ಲಿರುವ ಕನ್ನಡಿಗರು ಇದನ್ನು ತಲೆಕೆಳಗಾಗಿ ನೋಡಬಹುದು. ಹೊರಗೆ 45 ಡಿಗ್ರಿ, ಒಳಗೆ 24 ಇದ್ದಾಗ ಶಾಫ್ಟಿನ ತಂಪು ಗಾಳಿಯೇ ಭಾರ. ಅದು ಕೆಳಗಿಳಿದು ನೆಲಮಹಡಿಯ ಬಾಗಿಲುಗಳಿಂದ ಲಾಬಿಗೆ ನುಗ್ಗುತ್ತದೆ. 300 ಮೀಟರಿನ ಗೋಪುರದಲ್ಲಿ ಬುಡಕ್ಕೆ ಸುಮಾರು 115 ಪ್ಯಾಸ್ಕಲ್. ಆದ್ದರಿಂದಲೇ ಬಹಳ ಎತ್ತರದ ಕಟ್ಟಡಗಳಲ್ಲಿ ಒಂದೇ ಶಾಫ್ಟನ್ನು ತಳದಿಂದ ತುದಿಗೆ ಒಯ್ಯದೆ, ನಡುಮಹಡಿಯಲ್ಲಿ ಇಳಿಸಿ ಬೇರೆ ಲಿಫ್ಟ್ ಹತ್ತಿಸುವುದು ಗಾಳಿಯ ದೃಷ್ಟಿಯಿಂದಲೂ ಲಾಭ.

ಬೆಂಗಳೂರಿನಲ್ಲಿ ಡಿಸೆಂಬರಿನ ಮುಂಜಾನೆ ಹೊರಗೆ 15, ಒಳಗೆ 23 ಡಿಗ್ರಿ ಹಿಡಿದರೂ 100 ಮೀಟರಿನ ಅಪಾರ್ಟ್‌ಮೆಂಟಿನ ಬುಡದಲ್ಲಿ ಬರುವುದು ಸುಮಾರು 15 ಪ್ಯಾಸ್ಕಲ್. 25ರ ಗೆರೆಯ ಈಚೆಗೇ. ಅಲ್ಲಿ ಬಾಗಿಲು ಮುಚ್ಚದಿದ್ದರೆ ಮೊದಲು ನೋಡಬೇಕಾದ್ದು ಸಿಲ್ಲಿನ ಮಣ್ಣು, ಸವೆದ ಶೂ, ಆಮೇಲೆ ಸೆನ್ಸರು. ಅವೆಲ್ಲ ಸರಿಯಿದ್ದೂ ಸಿಳ್ಳೆ ಕೇಳಿಸುತ್ತಿದ್ದರೆ ಅನುಮಾನ ಫ್ಯಾನುಗಳ ಮೇಲೆ ಹೋಗಬೇಕು: ನೆಲಮಾಳಿಗೆಯ ಎಕ್ಸಾಸ್ಟ್, ಇಲ್ಲವೇ ಬೆಂಕಿ ಅವಘಡದಲ್ಲಿ ಹೊಗೆ ತಡೆಯಲು ಗಾಳಿ ತುಂಬುವ ಫ್ಯಾನು ಪರೀಕ್ಷೆಗೆಂದು ಚಾಲೂ ಮಾಡಿ ಹಾಗೆಯೇ ಬಿಟ್ಟಿರಬಹುದು. ಫ್ಯಾನು ನಿಲ್ಲಿಸಿದ ನಿಮಿಷಕ್ಕೆ ಬಾಗಿಲು ಮುಚ್ಚಿಕೊಂಡರೆ ಮೆಕ್ಯಾನಿಕ್‌ಗೆ ಬದಲು ಕಟ್ಟಡದ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.