ಕೇಳದೆ ತೆರೆದುಕೊಂಡ ವಿಮ್

ವಿಮ್ ಎಂಬ ಪಠ್ಯ ಸಂಪಾದಕದಲ್ಲಿ ಒಂದೇ ಕೀಲಿಯ ಕೆಲಸ ಮೋಡ್ ಬದಲಾದಂತೆ ಬದಲಾಗುತ್ತದೆ. ಎಷ್ಟೋ ಕಂಪ್ಯೂಟರ್‌ಗಳಲ್ಲಿ `git commit` ಎಂದು ಕೊಟ್ಟರೆ ವಿಮ್ ತಾನಾಗಿಯೇ ತೆರೆದುಕೊಳ್ಳುತ್ತದೆ. ಆಗ ಅದು ಇರುವುದು ನಾರ್ಮಲ್ ಮೋಡ್‌ನಲ್ಲಿ. ಅಲ್ಲಿ ಅಕ್ಷರಗಳೆಲ್ಲ ಆಜ್ಞೆಗಳು. ಇದು ತಿಳಿಯದೆ `login` ಎಂದು ಒತ್ತಿದರೆ ಪರದೆಯಲ್ಲಿ `gin` ಮಾತ್ರ ಮೂಡುತ್ತದೆ. `l` ಕರ್ಸರನ್ನು ಬಲಕ್ಕೆ ಸರಿಸುವ ಆಜ್ಞೆ. `o` ಕೆಳಗೊಂದು ಹೊಸ ಸಾಲು ತೆರೆದು ಇನ್ಸರ್ಟ್ ಮೋಡ್‌ಗೆ ಒಯ್ಯುತ್ತದೆ. ಉಳಿದದ್ದಷ್ಟೇ ಬರಹವಾಗುತ್ತದೆ.

ಇದ್ದಲ್ಲೇ ಬರೆಯಲು `i` ಒತ್ತಬೇಕು. ಪರದೆಯ ತಳದಲ್ಲಿ `-- INSERT --` ಕಂಡರೆ ಬರೆಯಬಹುದು. `Esc` ಒತ್ತಿದರೆ ಮತ್ತೆ ನಾರ್ಮಲ್. ಕೀಲಿಮಣೆ ಕನ್ನಡದಲ್ಲಿದ್ದರೆ ಆಜ್ಞೆಗಳು ಸಾಮಾನ್ಯವಾಗಿ ನಡೆಯವು; ಮೊದಲು ಇಂಗ್ಲಿಷ್‌ಗೆ ಬದಲಿಸಬೇಕು.

ವಿಶುವಲ್ ಮೋಡ್ ಇರುವುದು ಪಠ್ಯವನ್ನು ಆಯ್ದುಕೊಳ್ಳಲು. `V` ಒತ್ತಿದರೆ ಇಡೀ ಸಾಲು, `v` ಒತ್ತಿದರೆ ಅಕ್ಷರಗಳು. ಆಯ್ದದ್ದನ್ನು `d` ಅಳಿಸುತ್ತದೆ, `y` ನಕಲಿಸುತ್ತದೆ. ಕೈತಪ್ಪಿ ಅಳಿಸಿದ್ದನ್ನು ನಾರ್ಮಲ್ ಮೋಡ್‌ನಲ್ಲಿ `u` ಮರಳಿಸುತ್ತದೆ.

ಹೊರಬರುವುದೇ ಹಲವರಿಗೆ ದೊಡ್ಡ ಫಜೀತಿ. ಮೊದಲು `Esc`, ಆಮೇಲೆ ಈ ಆಜ್ಞೆ ಮತ್ತು ಎಂಟರ್:

```
:q!
```

ಇದು ಏನನ್ನೂ ಉಳಿಸದೆ ಮುಚ್ಚುತ್ತದೆ. ಬರೆದದ್ದು ಉಳಿಯಬೇಕಿದ್ದರೆ `:wq`. ಸಂದೇಶ ಉಳಿಸದೆ ಹೊರಬಂದರೆ ಗಿಟ್ ಆ ಕಮಿಟ್ಟನ್ನೇ ಕೈಬಿಡುತ್ತದೆ. ಕಡತಗಳಿಗೆ ಏನೂ ಆಗುವುದಿಲ್ಲ.