ನೂರು ನ್ಯಾನೋಮೀಟರಿನ ನೇರಳೆ ಹೊಳಪು

ಹಳೆಯ ಕ್ಯಾಮೆರಾ ಲೆನ್ಸೊಂದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಸ್ವಲ್ಪ ವಾರೆ ಮಾಡಿ ನೋಡಿ. ಗಾಜಿನಲ್ಲಿ ಮೂಡುವ ಟ್ಯೂಬಿನ ಬಿಂಬ ಹಲವು ಲೆನ್ಸುಗಳಲ್ಲಿ ಬೆಳ್ಳಗಿರದೆ, ಮಂಕಾಗಿ, ನೇರಳೆ ಛಾಯೆಯಲ್ಲಿರುತ್ತದೆ. ಗಾಜಿಗೆ ಯಾರೂ ನೇರಳೆ ಬಣ್ಣ ಹಚ್ಚಿಲ್ಲ. ಅದರ ಮೇಲಿರುವುದು ಬಣ್ಣವೇ ಇಲ್ಲದ ಮೆಗ್ನೀಸಿಯಂ ಫ್ಲೋರೈಡಿನ ತೆಳು ಪದರ. ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು.

ಈ ಲೇಪ ಯಾಕೆ ಬೇಕು? ಬೆಳಕು ಗಾಳಿಯಿಂದ ಗಾಜಿಗೆ ಹೊಕ್ಕಾಗ, ಗಾಜಿನಿಂದ ಗಾಳಿಗೆ ಹೊರಟಾಗ, ಪ್ರತಿ ಸಲವೂ ಅದರ ಒಂದು ಪಾಲು ಹಿಂದಕ್ಕೆ ಚಿಮ್ಮುತ್ತದೆ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ 1.52, ಗಾಳಿಯಲ್ಲಿರುವುದಕ್ಕಿಂತ ಅಷ್ಟು ಪಟ್ಟು ನಿಧಾನವಾಗಿ ಬೆಳಕು ಅದರೊಳಗೆ ಸಾಗುತ್ತದೆ. ಇಂಥ ಗಾಜಿನ ಒಂದೊಂದು ಮೈಯಲ್ಲೂ ಶೇ. 4.3ರಷ್ಟು ಬೆಳಕು ನಷ್ಟ. ಗಾಳಿಗೆ ತೆರೆದ ಹತ್ತು ಮೈಗಳಿರುವ ಲೆನ್ಸಾದರೆ ಕೊನೆಗೆ ದಾಟಿ ಬರುವುದು ಶೇ. 65 ಮಾತ್ರ. ಕಳೆದುಹೋದ ಬೆಳಕಿನದು ಇನ್ನೊಂದು ಉಪದ್ರವ: ಅದರಲ್ಲಿ ಒಂದಷ್ಟು ಗಾಜಿನ ಮೈಗಳ ನಡುವೆ ಪುಟಿದು, ಅಡ್ಡಾದಿಡ್ಡಿಯಾಗಿ ಚಿತ್ರದ ಮೇಲೆ ಬಿದ್ದು ಕಪ್ಪು ಜಾಗಗಳನ್ನು ಬೂದಾಗಿಸುತ್ತದೆ.

ಲೇಪ ಹಚ್ಚಿದಾಗ ಒಂದರ ಬದಲು ಎರಡು ಪ್ರತಿಫಲನಗಳಾಗುತ್ತವೆ. ಮೊದಲನೆಯದು ಲೇಪದ ಮೇಲ್ಮೈಯಿಂದ, ಎರಡನೆಯದು ಲೇಪ ಮತ್ತು ಗಾಜು ಕೂಡುವ ಜಾಗದಿಂದ. ಎರಡನೆಯ ಅಲೆ ಲೇಪದೊಳಗೆ ಹೋಗಿ ಬರುವಷ್ಟರಲ್ಲಿ ಸರಿಯಾಗಿ ಅರ್ಧ ತರಂಗಾಂತರ ಹಿಂದೆ ಬಿದ್ದರೆ, ಒಂದರ ಏರು ಇನ್ನೊಂದರ ತಗ್ಗಿಗೆ ಬಂದು ಕೂಡುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ಹೋಗುವುದಕ್ಕೆ ಕಾಲು, ಬರುವುದಕ್ಕೆ ಕಾಲು. ಹಾಗಾಗಿ ಲೇಪದ ದಪ್ಪ ಕಾಲು ತರಂಗಾಂತರ. ಅಳಿದ ಪ್ರತಿಫಲನದ ಬೆಳಕು ಎಲ್ಲೂ ಮಾಯವಾಗುವುದಿಲ್ಲ, ಲೆನ್ಸಿನೊಳಕ್ಕೇ ಹೋಗುತ್ತದೆ.

ಲೆಕ್ಕ ತಪ್ಪುವುದು ಇಲ್ಲೇ. ಕಣ್ಣಿಗೆ ಹೆಚ್ಚು ತಾಗುವ ಹಸಿರು ಬೆಳಕಿನ ತರಂಗಾಂತರ ಗಾಳಿಯಲ್ಲಿ 550 ನ್ಯಾನೋಮೀಟರ್. ಅದನ್ನು ನೇರವಾಗಿ ನಾಲ್ಕರಿಂದ ಭಾಗಿಸಿದರೆ 137.5 ಬರುತ್ತದೆ. ಆದರೆ ಅಲೆ ಸಾಗುವುದು ಲೇಪದೊಳಗೆ, ಅಲ್ಲಿ ಅದು ಕುಗ್ಗಿರುತ್ತದೆ. ಮೆಗ್ನೀಸಿಯಂ ಫ್ಲೋರೈಡಿನ ಸೂಚ್ಯಂಕ 1.38 ಆದ್ದರಿಂದ ಸರಿಯಾದ ದಪ್ಪ 550 / (4 × 1.38), ಸುಮಾರು 99.6 ನ್ಯಾನೋಮೀಟರ್. 137.5ರ ದಪ್ಪ ಕೊಟ್ಟರೆ ಆ ಲೇಪ ಚೆನ್ನಾಗಿ ಅಳಿಸುವುದು 759 ನ್ಯಾನೋಮೀಟರಿನ ಅಲೆಯನ್ನು. ಅದು ಕಣ್ಣಿಗೆ ಕಾಣುವ ಕೆಂಪಿನ ಅಂಚನ್ನೂ ದಾಟಿದ್ದು.

ದಪ್ಪ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಎದುರುಬದುರಾದ ಎರಡು ಅಲೆಗಳು ಪೂರ್ತಿ ಅಳಿಯಬೇಕಾದರೆ ಅವುಗಳ ಬಲ ಸಮನಾಗಿರಬೇಕು. ಪ್ರತಿಫಲನದ ಬಲ ನಿಂತಿರುವುದು ಎರಡು ಸೂಚ್ಯಂಕಗಳ ಅನುಪಾತದ ಮೇಲೆ. ಗಾಳಿಗೂ ಲೇಪಕ್ಕೂ ಇರುವ ಅನುಪಾತವೇ ಲೇಪಕ್ಕೂ ಗಾಜಿಗೂ ಇರಬೇಕು. ಗಾಳಿಯ ಸೂಚ್ಯಂಕ ಹೆಚ್ಚುಕಡಿಮೆ 1. ಆದ್ದರಿಂದ ಲೇಪದ ಆದರ್ಶ ಸೂಚ್ಯಂಕ ಗಾಜಿನ ಸೂಚ್ಯಂಕದ ವರ್ಗಮೂಲ. 1.52ರ ಗಾಜಿಗೆ ಅದು 1.23.

ತೊಂದರೆಯೆಂದರೆ, ಕ್ಯಾಮೆರಾ ಲೆನ್ಸಿನ ಮೇಲೆ ಬಾಳುವಷ್ಟು ಗಟ್ಟಿಯಾಗಿದ್ದು 1.23 ಸೂಚ್ಯಂಕವಿರುವ ಸಾಧಾರಣ ಘನವಸ್ತು ಇಲ್ಲ. ನಿರ್ವಾತದಲ್ಲಿ, ಬಿಸಿ ಮಾಡಿದ ಗಾಜಿನ ಮೇಲೆ ಕೂರಿಸಿದರೆ ಗಡುಸಾಗಿ ನಿಲ್ಲುವ ಮೆಗ್ನೀಸಿಯಂ ಫ್ಲೋರೈಡಿಗೇ ಎಲ್ಲರೂ ಒಲಿದದ್ದು ಅದಕ್ಕೇ. ಅದರ ಮೇಲ್ಮೈಯ ಅಲೆ ಒಳಗಿನ ಅಲೆಗಿಂತ ಮೂರು ಪಟ್ಟಿಗೂ ಹೆಚ್ಚು ಬಲವಾದದ್ದು. ಹಾಗಾಗಿ ಹಸಿರಿನಲ್ಲೂ ಶೇ. 1.3ರಷ್ಟು ಪ್ರತಿಫಲನ ಉಳಿಯುತ್ತದೆ. ಆದರೂ ಹತ್ತು ಮೈಗಳ ಲೆನ್ಸಿನಿಂದ ಈಗ ಶೇ. 65ರ ಬದಲು 88 ಬೆಳಕು ಹೊರಬರುತ್ತದೆ. ಸೂಚ್ಯಂಕ ಇಷ್ಟು ದೂರವಿದ್ದೂ ಇಷ್ಟು ಲಾಭವಾಗುವುದು ನನಗೆ ಇಂದಿಗೂ ಬೆರಗು.

ಸೂಚ್ಯಂಕ 1.9ರ ಭಾರದ ಗಾಜಿನ ಕಥೆಯೇ ಬೇರೆ. ಬರಿಮೈಯಲ್ಲಿ ಅದು ಶೇ. 9.6 ಬೆಳಕನ್ನು ಹಿಂದಿರುಗಿಸುತ್ತದೆ. ಅದರ ವರ್ಗಮೂಲ 1.38, ಮೆಗ್ನೀಸಿಯಂ ಫ್ಲೋರೈಡಿನದೇ ಸಂಖ್ಯೆ! ಅತಿ ಹೆಚ್ಚು ಹೊಳೆಯುತ್ತಿದ್ದ ಗಾಜೇ ಲೇಪವಾದ ಮೇಲೆ ಹಸಿರು ಬೆಳಕಿನಲ್ಲಿ ಹೆಚ್ಚುಕಡಿಮೆ ಏನನ್ನೂ ಪ್ರತಿಫಲಿಸುವುದಿಲ್ಲ.

ನೇರಳೆಯ ಗುಟ್ಟು ಇಷ್ಟೇ: ಕಾಲು ತರಂಗಾಂತರದ ಲೆಕ್ಕ ಒಂದು ಬಣ್ಣಕ್ಕೆ ಮಾತ್ರ ಸರಿಹೊಂದುತ್ತದೆ. ಹಸಿರು ಹೆಚ್ಚು ಅಳಿದಾಗ, ಕಡಿಮೆ ಅಳಿದ ನೀಲಿ ಮತ್ತು ಕೆಂಪು ಕಲೆತು ನೇರಳೆಯಾಗುತ್ತದೆ. ಲೇಪ ತೆಳ್ಳಗಾದರೆ ನೀಲಿ ಹೆಚ್ಚು ಅಳಿದು ಬಿಂಬ ಹಳದಿಕಂದು, ದಪ್ಪವಾದರೆ ಕೆಂಪು ಹೆಚ್ಚು ಅಳಿದು ಬಿಂಬ ನೀಲಿ. ಈ ಕೊರತೆ ನೀಗಲೆಂದೇ ಈಗಿನ ಲೆನ್ಸುಗಳಿಗೆ ಹಲವು ಪದರಗಳ ಲೇಪ ಹಾಕುತ್ತಾರೆ. ಅವುಗಳಲ್ಲಿ ಹಸಿರು ಹೊಳಪೂ ಕಾಣಬಹುದು.

ಹಳೆಯ ಲೆನ್ಸ್ ಕೊಳ್ಳುವವರು ಮುಂದಿನ ಗಾಜನ್ನು ಓರೆಯಾಗಿ ಹಿಡಿದು ನೋಡಿ. ನೇರಳೆಯ ನಡುವೆ ಬಿಳಿ ಮಚ್ಚೆಯೊಂದು ಪ್ರಖರವಾಗಿ ಹೊಳೆದರೆ ಅಲ್ಲಿ ಲೇಪ ಸವೆದಿದೆಯೆಂದೇ ತಿಳಿಯಿರಿ. ನಿಮ್ಮ ಲೆನ್ಸನ್ನಂತೂ ಅಂಗಿಯ ಚುಂಗಿನಿಂದ ಒರೆಸಬೇಡಿ. ಮೊದಲು ಧೂಳು ಊದಿ, ಆಮೇಲಷ್ಟೇ ಮೆತ್ತನೆಯ ಲೆನ್ಸ್ ಬಟ್ಟೆ ಮುಟ್ಟಿಸಿ.